ರಷ್ಯಾಕ್ಕೆ ಹೊರಡುವ ಮುಂಚೆ ಎಷ್ಟು ರಷ್ಯನ್ ಬೇಕು?

27 ಜುಲೈ 2025, ರವಿವಾರ
ಬಾಗಲಕೋಟೆ

ಕಾಕಾನ ಮಗಳು ಸೆಪ್ಟೆಂಬರಿಗೆ ಎಂಬಿಬಿಎಸ್ ಓದಲು ರಷ್ಯಾಕ್ಕೆ ಹೊರಟಿದ್ದಾಳೆ. ನಾನು ಅಲ್ಲೇ ಓದುತ್ತಿರುವುದರಿಂದ ಇವತ್ತು ಇಬ್ಬರೂ ಮನೆಗೆ ಬಂದಿದ್ದರು. ಅವ್ವ ಪಂಚಮಿಗೆಂದು ಕಟ್ಟಿದ ಶೇಂಗಾ ಉಂಡಿ ತಟ್ಟೆಗೆ ಹಾಕಿ ಕೊಟ್ಟಳು. ತಂಗಿ ಅದನ್ನು ಮುಟ್ಟಲೇ ಇಲ್ಲ. "ಅಕ್ಕಾ, ಪಾಠ ಎಲ್ಲಾ ಇಂಗ್ಲಿಷಿನಾಗ ಅಂತಾರ ಏಜೆಂಟರು. ಮತ್ತ ರಷ್ಯನ್ ಯಾಕ ಬೇಕು?" ಎಂದು ಕೇಳಿದಳು.

ಏಜೆಂಟರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಮೊದಲ ಎರಡು ವರ್ಷ ಅನಾಟಮಿ, ಬಯೋಕೆಮಿಸ್ಟ್ರಿ ಎಲ್ಲಾ ಇಂಗ್ಲಿಷಿನಲ್ಲೇ ನಡೆಯುತ್ತದೆ. ಮೂರನೇ ವರ್ಷ ವಾರ್ಡಿಗೆ ಹೋಗಬೇಕು. ಅಲ್ಲಿ ಮಲಗಿರುವ ಅಜ್ಜಿಗೆ ಇಂಗ್ಲಿಷ್ ಯಾಕೆ ಬರಬೇಕು? ಎಲ್ಲಿ ನೋವು, ಎಷ್ಟು ದಿನದಿಂದ, ಯಾವ ಮಾತ್ರೆ ತಗೊಳ್ತೀರಿ ಎಂದು ರಷ್ಯನ್‌ನಲ್ಲೇ ಕೇಳಬೇಕು. ಪ್ರಶ್ನೆ ಬಾಯಿಪಾಠ ಮಾಡಬಹುದು. ಉತ್ತರವನ್ನು ಬಾಯಿಪಾಠ ಮಾಡಲು ಆಗುವುದಿಲ್ಲ, ಕಷ್ಟ ಇರುವುದು ಅಲ್ಲೇ.

ನಮ್ಮ ಬ್ಯಾಚಿನಲ್ಲಿ ನಡೆದದ್ದನ್ನೇ ಅವಳಿಗೆ ಹೇಳಿದೆ. ಸಕ್ಕರೆ ಕಾಯಿಲೆ ಎಷ್ಟು ವರ್ಷದಿಂದ ಇದೆ ಎಂದು ಒಬ್ಬ ಹುಡುಗ ಸರಿಯಾಗಿಯೇ ಕೇಳಿದ. ರೋಗಿ ಹತ್ತೊಂಬತ್ತು ಎಂದರು. ಇವನು ಹನ್ನೆರಡು ಎಂದು ಬರೆದುಕೊಂಡ. ರಷ್ಯನ್‌ನಲ್ಲಿ 12 'ದ್ವಿನಾತ್ಸತ್', 19 'ದಿವಿತ್‌ನಾತ್ಸತ್'. ಬೇಗ ಹೇಳಿದರೆ ಕಿವಿಗೆ ಎರಡೂ ಒಂದೇ. ವಯಸ್ಸು, ಬಿಪಿ, ಮಾತ್ರೆಯ ಮಿಲಿಗ್ರಾಂ, ರೂಮ್ ನಂಬರ್, ಎಲ್ಲಾ ಅಂಕಿಯೇ ಅಲ್ವಾ? ಅದಕ್ಕೇ ಅಂಕಿಯನ್ನು ಕಿವಿಯಿಂದ ಕಲಿ ಎಂದೆ. ಒಂದರಿಂದ ನೂರರವರೆಗೆ ಸಾಲಾಗಿ ಹೇಳಲು ಬಂದರೆ ಸಾಲದು. ಯಾರಾದರೂ ಎಲ್ಲೆಲ್ಲಿಂದಲೋ ಹೇಳಿದ ಸಂಖ್ಯೆಯನ್ನು ನಿಲ್ಲದೆ ಬರೆದುಕೊಳ್ಳಲು ಬರಬೇಕು. ಅಲ್ಲಿ ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಎರಡೆರಡು ಸೇರಿಸಿ ಹೇಳುತ್ತಾರೆ. ರೆಕಾರ್ಡಿಂಗ್ ಹಾಕಿಕೊಂಡು ಅಂಥ ನಂಬರುಗಳನ್ನು ಬರೆದು ನೋಡಿದರೆ ಕಿವಿ ತಯಾರಾಗಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಅಕ್ಷರ ಕಲಿಯುವುದು ಅದಕ್ಕೂ ಮೊದಲಿನ ಕೆಲಸ. ಒಟ್ಟು 33. ಕೆಲವು ಇಂಗ್ಲಿಷ್ ಅಕ್ಷರದಂತೆಯೇ ಕಂಡು ಮೋಸ ಮಾಡುತ್ತವೆ. ಪಿ ತರ ಕಾಣುವುದು 'ರ', ಸಿ ತರ ಕಾಣುವುದು 'ಸ', ಎಚ್ ತರ ಕಾಣುವುದು 'ನ'. ಇಷ್ಟನ್ನು ಒಂದು ವಾರದಲ್ಲಿ ಕಲಿಯಬಹುದು. ಜಾಸ್ತಿ ಜನ ಕೈಬಿಡುವುದು ಅಕ್ಷರಗಳನ್ನು ಕೂಡಿಸಿ ಬರೆಯುವುದನ್ನು. ಕೈಯಲ್ಲಿ ಬರೆಯುವಾಗ 'ತ' ಇಂಗ್ಲಿಷಿನ ಎಂ ತರ ಆಗುತ್ತದೆ, 'ದ' ಜಿ ತರ ಆಗುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಯುವುದು ಹಾಗೇ, ಡಾಕ್ಟರು ಕೇಸ್ ಶೀಟಿನಲ್ಲಿ ಬರೆಯುವುದೂ ಹಾಗೇ. ಇಲ್ಲಿಂದಲೇ ದಿನಾ ಒಂದು ಪುಟ ಕೂಡಿಸಿ ಬರೆಯುತ್ತಾ ಹೋದರೆ ಅಲ್ಲಿ ಮೊದಲ ದಿನವೇ ಬೋರ್ಡ್ ಓದಬಹುದು.

ತಂಗಿ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಬರೆದ ರಷ್ಯನ್ ವಾಕ್ಯಗಳನ್ನು ಇಳಿಸಿಕೊಂಡಿದ್ದಳು. ಅದನ್ನು ತೆಗೆದುಬಿಡು ಎಂದೆ. ನೀರಿಗೆ ಅದರಲ್ಲಿ 'ವೋದಾ' ಎಂದಿತ್ತು, ಜನ ಹೇಳುವುದು 'ವದಾ'. ಒತ್ತು ಬೀಳದ ಕಡೆ 'ಓ' ಇದ್ದರೂ ಅದು 'ಅ' ತರ ಕೇಳುತ್ತದೆ. ಒತ್ತು ಎಲ್ಲಿ ಎಂದು ಪುಸ್ತಕದಲ್ಲಿ ಸಾಮಾನ್ಯವಾಗಿ ಗುರುತು ಹಾಕಿರುವುದಿಲ್ಲ, ಕೇಳಿಯೇ ತಿಳಿಯಬೇಕು. ಬರೀ ಕಣ್ಣಿನಿಂದ ಕಲಿತವರಿಗೆ ಅಂಗಡಿಯವಳು ಆಡಿದ ಮಾತು ತಿಳಿಯದೆ ಹೋಗುವುದು ಇದರಿಂದಲೇ.

ವ್ಯಾಕರಣ? ಇರುವ ಐದು ವಾರದಲ್ಲಿ ಅದರ ಗೊಡವೆಗೆ ಹೋಗಬೇಡ ಎಂದೆ. ಆರು ವಿಭಕ್ತಿ ಇವೆ, ಲಿಂಗ ಮೂರು. ವಿಭಕ್ತಿ ನಮ್ಮ ಕನ್ನಡದಲ್ಲೂ ಇರುವುದರಿಂದ ನಮಗೆ ಅದು ಹೊಸದೇನಲ್ಲ. ಅಲ್ಲಿ ಮೊದಲ ವರ್ಷದಿಂದಲೇ ರಷ್ಯನ್ ತರಗತಿ ಇರುತ್ತದೆ, ಅದರಲ್ಲಿ ಕಲಿಯಲಿ. ಅಕ್ಷರ, ಅಂಕಿ, ಮತ್ತೆ ಔಷಧಿ ಅಂಗಡಿ, ಬಸ್, ಹಾಸ್ಟೆಲಿನಲ್ಲಿ ಬೇಕಾಗುವ ಮೂವತ್ತು ನಲವತ್ತು ಮಾತು. ನನ್ನ ಪ್ರಕಾರ ಹೊರಡುವ ಮುಂಚೆ ಇಷ್ಟು ಸಾಕು. ಆದರೆ ಮೊದಲ ಎರಡು ವರ್ಷ ಆ ತರಗತಿಯನ್ನು ತಪ್ಪಿಸಬಾರದು. ಅಲ್ಲಿ ತಪ್ಪಿಸಿದವರೇ ಮೂರನೇ ವರ್ಷ ವಾರ್ಡಿನಲ್ಲಿ ಗೆಳೆಯರ ಹಿಂದೆ ನಿಲ್ಲುವುದು.

ರಷ್ಯನ್ ಮಾಧ್ಯಮದಲ್ಲೇ ಓದುವವರ ಲೆಕ್ಕ ಬೇರೆ. ಅವರು ಸಾಮಾನ್ಯವಾಗಿ ಒಂದು ವರ್ಷ ಭಾಷೆಯ ತಯಾರಿ ತರಗತಿಯಲ್ಲಿ ಕೂತು, ದಿನನಿತ್ಯದ ಮಾತು ತಾವೇ ನಡೆಸಲು ಬರುವ ಬಿ1 ಮಟ್ಟ ಮುಟ್ಟಿ, ಆಮೇಲೆ ಕೋರ್ಸಿಗೆ ಸೇರುತ್ತಾರೆ.

ಕಾಕಾ ಅಷ್ಟೊತ್ತು ಸುಮ್ನೆ ಕೇಳುತ್ತಾ ಕೂತಿದ್ದರು. ಕಾಲೇಜಿನ ಕಾಗದದಲ್ಲಿ 'ದ್ವಿಭಾಷಾ ಕೋರ್ಸ್' ಎಂದು ಬರೆದಿದೆ, ಏನರ್ಥ ಎಂದು ಕೇಳಿದರು. ನನಗೆ ಎದೆ ಧಸಕ್ ಎಂದಿತು. ಪಾಠ ಎರಡು ಭಾಷೆಯಲ್ಲಿ, ಅಂದರೆ ಮಧ್ಯದಲ್ಲಿ ರಷ್ಯನ್‌ಗೆ ತಿರುಗಬಹುದು ಎಂದರ್ಥ. ನಮ್ಮ ದೇಶದ ವೈದ್ಯಕೀಯ ಶಿಕ್ಷಣ ನೋಡಿಕೊಳ್ಳುವ ಎನ್‌ಎಂಸಿಯ 2021ರ ನಿಯಮದ ಪ್ರಕಾರ ಹೊರದೇಶದಲ್ಲಿ 54 ತಿಂಗಳ ಓದು ಇಂಗ್ಲಿಷ್ ಮಾಧ್ಯಮದಲ್ಲೇ ಆಗಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕೂಡ ಆಗಬೇಕು. ಮಧ್ಯದಲ್ಲಿ ಪಾಠ ರಷ್ಯನ್‌ಗೆ ತಿರುಗಿದರೆ ಇಲ್ಲಿ ಲೈಸೆನ್ಸಿಗೆ ತೊಂದರೆ. ರೋಗಿಯ ಜೊತೆ ರಷ್ಯನ್ ಆಡುವುದು ಬೇರೆ, ಪಾಠವೇ ರಷ್ಯನ್ ಆಗುವುದು ಬೇರೆ. ಮೂರನೇ ವರ್ಷದಿಂದ ಕೊನೆಯವರೆಗೂ ಪಾಠ, ಪರೀಕ್ಷೆ ಯಾವ ಭಾಷೆಯಲ್ಲಿ ಎಂದು ಏಜೆಂಟರನ್ನು ಕೇಳದೆ ನೇರ ಕಾಲೇಜಿಗೇ ಬರೆದು, ಉತ್ತರವನ್ನು ಕಾಗದದ ಮೇಲೆ ತರಿಸಿಕೊಳ್ಳಿ, ಅದು ಕೈಗೆ ಬರುವವರೆಗೆ ಉಳಿದ ಫೀ ಕಟ್ಟಬೇಡಿ ಕಾಕಾ ಎಂದೆ. ನಾಳೆ ಮುಂಜಾನೆ ಇಬ್ಬರೂ ಕೂತು ಆ ಮೇಲ್ ಬರೆಯುತ್ತೇವೆ.