"ನಾನೂರಂತ ಬರದವರು ಈ ದಾರಿಯಾಗ ಬಂದಾರೇನ್ರಿ?"

ಮೊನ್ನೆ ಗುರುವಾರ ಬೆಳಿಗ್ಗೆ ಆರೂ ಹತ್ತಕ್ಕೆ ಡ್ರೈವರ್ ಫೋನ್ ಬಂತು. ಆ ಹೊತ್ತಿಗೆ ಲಾರಿಯಿಂದ ಫೋನ್ ಬಂದರೆ ಎದೆ ಧಸಕ್ಕೆನ್ನುತ್ತದೆ. ಅವರಿಗೆ ನನ್ನ ಹೆದರಿಕೆ ಗೊತ್ತು, ಅದಕ್ಕೇ ಮೊದಲ ಮಾತಿಗೇ ಹೇಳಿದರು: "ಗಾಡಿ ಆರಾಮ ಐತ್ರಿ ಸರ್ರ. ಆದ್ರ ನಿಮ್ಮ ಇ-ವೇ ಬಿಲ್ ರಾತ್ರಿ ಹನ್ನೆರಡಕ್ಕ ಮುಗದೈತಿ."

ಸರಕಿನ ಜೊತೆ ಗಾಡಿಯಲ್ಲಿ ಇರಲೇಬೇಕಾದ ಜಿಎಸ್‌ಟಿ ದಾಖಲೆ ಅದು. ಲಾರಿ ಕಿತ್ತೂರಿನಲ್ಲಿತ್ತು. ಚಹಾ ಕುಡಿಯಲು ನಿಲ್ಲಿಸಿದವರು ಸುಮ್ಮನೆ ಬಿಲ್ಲು ತೆಗೆದು ತಾರೀಖು ನೋಡಿದ್ದಾರೆ. ಬುಧವಾರ ಮಧ್ಯರಾತ್ರಿವರೆಗೆ ಮಾತ್ರ ಅಂತಿತ್ತು. ಸೋಮವಾರ ಸಂಜೆ ಏಳಕ್ಕೆ ಮಾಡಿದ ಬಿಲ್ಲು, ತುಮಕೂರಿನಿಂದ ಬೆಳಗಾವಿಗೆ, ನಮ್ಮದೇ ಗಾಡಿ. ಗುರುವಾರ ಮಧ್ಯರಾತ್ರಿವರೆಗೆ ಇರಬೇಕಿತ್ತಲ್ಲ ಅಂದೆ. "ದೂರ ನಾನೂರು ಕಿಲೋಮೀಟರ್ ಅಂತ ಬರದೀರಿ" ಅಂದರು. ಆಮೇಲೆ ಒಂದು ಕ್ಷಣ ಸುಮ್ಮನಿದ್ದು, "ನನ್ನ ಮೀಟರ್ ಮುನ್ನೂರ ಎಂಬತ್ತು ತೋರಸಾಕತ್ತೈತಿ, ಬೆಳಗಾವಿ ಇನ್ನೂ ಐವತ್ತೈತಿ. ನಾನೂರಂತ ಬರದವರು ಈ ದಾರಿಯಾಗ ಬಂದಾರೇನ್ರಿ?" ಅಂದರು.

ಸಿಟ್ಟಿನಿಂದ ಕೇಳಿದ್ದಲ್ಲ ಅದು. ಸಿಟ್ಟಿನಿಂದ ಕೇಳಿದ್ದರೆ ನನಗೂ ಸಲೀಸಿತ್ತು.

ಇ-ವೇ ಬಿಲ್ಲಿನ ಅವಧಿ ದೂರದ ಮೇಲೆ ನಿಂತಿದೆ. ಮಾಮೂಲಿ ಸರಕಿಗೆ 200 ಕಿಲೋಮೀಟರಿಗೆ ಒಂದು ದಿನ, ಅದಕ್ಕಿಂತ ಒಂದೇ ಕಿಲೋಮೀಟರ್ ಹೆಚ್ಚಾದರೂ ಇನ್ನೊಂದು ದಿನ. ಮೊದಲ ದಿನ ಬಿಲ್ಲು ಮಾಡಿದ ಮರುದಿನದ ಮಧ್ಯರಾತ್ರಿಗೆ ಮುಗಿಯುತ್ತದೆ. ಹಾಗಾಗಿ 430 ಕಿಲೋಮೀಟರಿಗೆ ಮೂರು ದಿನ, 400ಕ್ಕೆ ಎರಡೇ ದಿನ. 30 ಕಿಲೋಮೀಟರ್ ಕಮ್ಮಿ ಬರೆದದ್ದಕ್ಕೆ ಇಡೀ ಒಂದು ದಿನ ಹೋಯಿತು. ಎಲ್ಲ ನೆಟ್ಟಗಿದ್ದರೆ ಎರಡು ದಿನವೇ ಧಾರಾಳ, ತುಮಕೂರಿನಿಂದ ಬೆಳಗಾವಿ ಒಂದು ರಾತ್ರಿಯ ದಾರಿ. ಆದರೆ ಒಂದು ಅಳತೆಯ ಪೈಪು ಗೋಡೌನಿಗೆ ತಡವಾಗಿ ಬಂದು ಲೋಡಿಂಗ್ ಮುಗಿದದ್ದು ಮಂಗಳವಾರ ರಾತ್ರಿ. ಬಿಲ್ಲಿನ ಗಡಿಯಾರ ಮಾತ್ರ ಸೋಮವಾರವೇ ಓಡಲು ಶುರು, ಯಾಕಂದರೆ ನಮ್ಮ ಆಫೀಸಿನ ಇಆರ್‌ಪಿ ಸಾಫ್ಟ್‌ವೇರಿನಲ್ಲಿ ಡಿಸ್ಪ್ಯಾಚ್ ಡಾಕ್ಯುಮೆಂಟ್ ಪೋಸ್ಟ್ ಆದ ಕೂಡಲೇ ಬಿಲ್ಲಿನ ಎರಡನೇ ಭಾಗ, ಗಾಡಿ ನಂಬರ್ ಇರುವ ಪಾರ್ಟ್-ಬಿ ಕೂಡ ಹೋಗಿಬಿಡುತ್ತದೆ, ಅವಧಿ ಎಣಿಸುವುದು ಅಲ್ಲಿಂದಲೇ. ಬುಧವಾರ ರಾಣೆಬೆನ್ನೂರಿನಲ್ಲಿ ಕ್ಲಚ್ ಪ್ಲೇಟ್ ಹೋಯಿತು. ರಿಪೇರಿ ಆಗಿ ಗಾಡಿ ಹೊರಟಾಗ ರಾತ್ರಿ ಎರಡು ಗಂಟೆ.

ಅವಧಿ ಮುಗಿಯುವ ಎಂಟು ಗಂಟೆ ಮುಂಚೆಯಿಂದ ಮುಗಿದ ಎಂಟು ಗಂಟೆಯವರೆಗೆ ವಿಸ್ತರಣೆ ಕೇಳಬಹುದು. ಅಂದರೆ ನನಗಿದ್ದದ್ದು ಬೆಳಿಗ್ಗೆ ಎಂಟರವರೆಗೆ. ಬಾಡಿಗೆ ಗಾಡಿಯಾಗಿದ್ದು ಟ್ರಾನ್ಸ್‌ಪೋರ್ಟರ್ ಹೆಸರಿಗೆ ಬಿಲ್ಲು ಹೋಗಿದ್ದರೆ ಅವರೇ ಮಾಡಬೇಕಿತ್ತು, ಬೆಳಿಗ್ಗೆ ಆರಕ್ಕೆ ಅವರ ಆಫೀಸಿನಲ್ಲಿ ಯಾರು ಸಿಗುತ್ತಾರೆ? ಇ-ವೇ ಬಿಲ್ಲಿನ ಪೋರ್ಟಲ್ಲಿನಲ್ಲಿ ಕಾರಣ, ಗಾಡಿ ಈಗಿರುವ ಜಾಗ, ಉಳಿದ 50 ಕಿಲೋಮೀಟರ್, ಗಾಡಿ ನಂಬರ್ ತುಂಬಿದೆ. ಆರೂ ಮುಕ್ಕಾಲಿಗೆ ಹೊಸ ತಾರೀಖಿನ ಬಿಲ್ಲು ಅವರ ವಾಟ್ಸಾಪಿಗೆ ಹೋಯಿತು. "ಬಂತ್ರಿ" ಅಂದರು, ಅಷ್ಟೇ.

ಗಾಡಿ ಮುಟ್ಟಿತು, ಯಾರೂ ತಡೆದಿರಲಿಲ್ಲ. ಆದರೆ ರಾಣೆಬೆನ್ನೂರಿನಿಂದ ಕಿತ್ತೂರಿನವರೆಗೆ ಆ ಮನುಷ್ಯ ಸತ್ತ ಬಿಲ್ಲು ಇಟ್ಟುಕೊಂಡು ಲಾರಿ ಓಡಿಸಿದ್ದಾರೆ. ನಡುವೆ ಯಾರಾದರೂ ಕೈ ಅಡ್ಡ ಮಾಡಿದ್ದರೆ? ಸರಕು 9 ಲಕ್ಷದ್ದು, ಶೇ. 18ರಂತೆ ತೆರಿಗೆ 1,62,000 ರೂಪಾಯಿ. ಜಿಎಸ್‌ಟಿ ಕಾಯ್ದೆಯ 129ನೇ ಸೆಕ್ಷನ್ ಹಾಕಿದರೆ, ಮಾಲೀಕರೇ ಮುಂದೆ ಬಂದು ಬಿಡಿಸಿಕೊಂಡರೂ ದಂಡ ಆ ತೆರಿಗೆಯ ಎರಡರಷ್ಟು, 3,24,000. ಅದು ತೀರುವ ತನಕ ಗಾಡಿ ರಸ್ತೆ ಬದಿಯಲ್ಲಿ, ಡ್ರೈವರ್ ಗಾಡಿಯೊಳಗೆ.

ಆಫೀಸಿಗೆ ಹೋದವನೇ ಆ 400 ಎಲ್ಲಿಂದ ಬಂತೆಂದು ನೋಡಿದೆ. ಪೋರ್ಟಲ್ಲಿಗೆ ನಾವು ಕಳಿಸಿದ್ದು ಹೀಗಿತ್ತು:

```
"fromPincode": 572101,
"toPincode": 590001,
"transDistance": "400"
```

ಪೋರ್ಟಲ್ ಪಿನ್‌ಕೋಡ್‌ಗಳಿಂದ ತಾನೇ ದೂರ ಲೆಕ್ಕ ಹಾಕುತ್ತದೆ. ಅದಕ್ಕಿಂತ ಶೇ. 10ರವರೆಗೆ ಮಾತ್ರ ಹೆಚ್ಚು ಬರೆಯಬಹುದು, ಮೀರಿದರೆ ಬಿಡುವುದಿಲ್ಲ. ಕಮ್ಮಿ ಬರೆದರೆ ಏನೂ ಅನ್ನುವುದಿಲ್ಲ. ಅವಧಿ ಕಮ್ಮಿಯಾದರೆ ನಷ್ಟ ನಮಗೆ ತಾನೇ, ಅದಕ್ಕೇನು? ಈ 400 ಬಂದದ್ದು ನಮ್ಮ ರೂಟ್ ಮಾಸ್ಟರಿನಿಂದ, ಅಂದರೆ ಊರೂರಿನ ದೂರ ತುಂಬಿಟ್ಟ ಪಟ್ಟಿಯಿಂದ. ಅಲ್ಲಿ ಮೊದಲು 430 ಇತ್ತು, ಯಾರೋ ತಿದ್ದಿದ್ದಾರೆ.

ಯಾಕೆಂದು ಹುಡುಕುವುದು ಕಷ್ಟವಾಗಲಿಲ್ಲ. ನಮ್ಮ ಬಾಡಿಗೆಯ ಸ್ಲ್ಯಾಬ್‌ಗಳು 200ರವರೆಗೆ, 400ರವರೆಗೆ, 600ರವರೆಗೆ. ಎರಡನೇ ಸ್ಲ್ಯಾಬಿಗೂ ಮೂರನೆಯದಕ್ಕೂ ಟನ್ನಿಗೆ 250 ರೂಪಾಯಿ ವ್ಯತ್ಯಾಸ. ಬೆಳಗಾವಿಯ ಗಿರಾಕಿ ಬಾಡಿಗೆ ಜಾಸ್ತಿಯಾಯಿತು ಅಂದಿದ್ದಾರೆ, ಸೇಲ್ಸ್‌ನವರು ಒಪ್ಪಿದ್ದಾರೆ. ರಿಯಾಯಿತಿ ಅಂತ ಹಾಕಿದರೆ ಯಜಮಾನರ ಸಹಿ ಬೇಕು, ರೂಟಿನ ದೂರ ತಿದ್ದಿದರೆ ಬೇಡ. ಅದಕ್ಕೇ ದೂರವನ್ನೇ ತಿದ್ದಿಸಿದರು. ಈ ಸೇಲ್ಸ್‌ನ ಹುಡುಗ ಕೆಟ್ಟವನಲ್ಲ, ಆರ್ಡರ್ ತರುವುದರಲ್ಲಿ ಅವನಷ್ಟು ಚುರುಕು ಇನ್ನೊಬ್ಬನಿಲ್ಲ. ಆದರೆ ಅವನಿಗೆ ಬೆಳಗಾವಿ ಅಂದರೆ ಒಂದು ರೇಟು, ಊರಲ್ಲ. ತಿದ್ದುಪಡಿಯ ಕೋರಿಕೆಗೆ ಒಪ್ಪಿಗೆ ಕೊಟ್ಟವನ ಹೆಸರೂ ಅಲ್ಲೇ ಇತ್ತು. ಅದು ನಾನು. ಅದರಲ್ಲಿ "ಬಾಡಿಗೆ ಸರಿಪಡಿಸಲು" ಅಂತ ಬರೆದಿತ್ತು, ಓದಿ ಒತ್ತಿದ್ದೇನೆ.

9 ಟನ್ನಿಗೆ ಉಳಿದದ್ದು 2,250 ರೂಪಾಯಿ. ಬಾಡಿಗೆ ಕಮ್ಮಿ ಮಾಡುವುದು ತಪ್ಪಲ್ಲ, ವ್ಯಾಪಾರದಲ್ಲಿ ಅದು ಇದ್ದದ್ದೇ. ಆದರೆ ದೂರ ಚೌಕಾಸಿಗೆ ಸಿಗುವ ವಸ್ತುವಲ್ಲ. ಗಿರಾಕಿಯ ಮುಂದೆ 30 ಕಿಲೋಮೀಟರ್ ಬಿಟ್ಟುಕೊಟ್ಟವರು ಅದನ್ನು ತಮ್ಮ ಜೇಬಿನಿಂದ ಕೊಟ್ಟಿರಲಿಲ್ಲ, ಡ್ರೈವರಿನ ಒಂದು ದಿನದಿಂದ ಕೊಟ್ಟಿದ್ದರು. ಅವರನ್ನು ಕೇಳಿದವರು ಯಾರು? ನಾನೂರಂತ ಬರದವರು ಈ ದಾರಿಯಾಗ ಬಂದಾರೇನ್ರಿ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ಅದೇ ಮಾತು.

ಇಂಥವು ಇನ್ನೆಷ್ಟಿವೆ ಅಂತ ತಿಳಿಯಲು ಒಂದು ಸುಲಭ ದಾರಿ ಹೊಳೆಯಿತು. ರಸ್ತೆಯ ನಿಜವಾದ ದೂರ 187, 342 ಹೀಗಿರುತ್ತದೆ, ಸ್ಲ್ಯಾಬಿನ ಅಂಚಿಗೆ ಸರಿಯಾಗಿ ಬಂದು ನಿಲ್ಲುವುದು ಅಪರೂಪ. ಮಾಸ್ಟರಿನಲ್ಲಿ ದೂರ ಸರಿಯಾಗಿ 200 ಅಥವಾ 400 ಇರುವ ರೂಟ್‌ಗಳನ್ನು ಮಾತ್ರ ತೆಗೆದೆ. ಏಳು ಸಿಕ್ಕವು. ಶಿವಮೊಗ್ಗ 200 ಅಂತಿತ್ತು, ಅಂದರೆ ಎರಡು ದಿನ ಸಿಗಬೇಕಾದಲ್ಲಿ ಒಂದೇ ದಿನದ ಬಿಲ್ಲು ಹೋಗುತ್ತಿತ್ತು. 2021ರ ಜನವರಿಗಿಂತ ಮುಂಚೆ ನಿಯಮ 100 ಕಿಲೋಮೀಟರಿಗೆ ಒಂದು ದಿನ ಅಂತಿತ್ತು. ಆಗ ಬೆಳಗಾವಿಯ ಈ ತಪ್ಪಿಗೂ ನಾಲ್ಕು ದಿನ ಸಿಗುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಶುಕ್ರವಾರ ಮಾಸ್ಟರಿನಲ್ಲಿ ಎರಡು ಕಾಲಂ ಮಾಡಿಸಿದೆ, ರಸ್ತೆಯ ದೂರ ಬೇರೆ, ಬಾಡಿಗೆಯ ಸ್ಲ್ಯಾಬ್ ಬೇರೆ. ಪೋರ್ಟಲ್ಲಿಗೆ ಇನ್ನು `"transDistance": "0"` ಹೋಗುತ್ತದೆ, ಆಗ ಅದು ಪಿನ್‌ಕೋಡಿನ ಲೆಕ್ಕವನ್ನೇ ಹಿಡಿಯುತ್ತದೆ. ಬಾಡಿಗೆ ಬಿಡಬೇಕಾದರೆ ರಿಯಾಯಿತಿ ಅಂತಲೇ ಬರೆಯಬೇಕು, ಸಹಿ ಬೇಕು. ಸೇಲ್ಸ್‌ನ ಹುಡುಗ ಮುಖ ಗಂಟಿಕ್ಕಿದ. ಇನ್ನೂ ಗಂಟಿಕ್ಕಿಕೊಂಡೇ ಇದ್ದಾನೆ.

ರಸ್ತೆಯ ದೂರ ತುಂಬಲು ಡೀಸೆಲ್ ಲೆಕ್ಕದ ಫೈಲು ತರಿಸಿದೆ. ಅದರಲ್ಲಿ ಪ್ರತಿ ಟ್ರಿಪ್ ಶೀಟಿನಲ್ಲೂ ಡ್ರೈವರ್‌ಗಳು ಮೀಟರ್ ರೀಡಿಂಗ್ ಬರೆದಿರುತ್ತಾರೆ. ಬೆಳಗಾವಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿದೆ. 431, 429, 433, 430. ಲೀಟರಿಗೆ ಎಷ್ಟು ಓಡಿತು ಎಂದು ಪ್ರತಿ ತಿಂಗಳೂ ಅವರಿಂದ ಲೆಕ್ಕ ಕೇಳುತ್ತಿದ್ದದ್ದು ಇದೇ ಅಂಕಿಗಳ ಮೇಲೆ. ಕೊನೆಯ ಹಾಳೆ ಈ ವಾರದ್ದು, ಕಪ್ಪು ಎಣ್ಣೆಯ ಬೆರಳಚ್ಚು ಬಿದ್ದಿತ್ತು. ಅದರಲ್ಲಿ 432.