ದಿನಕ್ಕೊಂದು, ಲೋಡಿಗೊಂದು, ಖಾಲಿಗೊಂದು: ಲಾರಿ ಬಾಡಿಗೆ ಶೀಟ್ ಎಲ್ಲಿಗೆ ಬಂತು

ಭಾವನದು ಒಂದೇ ಲಾರಿ. ಹತ್ತು ಚಕ್ರ, 16 ಟನ್ ಲೋಡ್. ಪಾರ್ಟಿಯವರು ಫೋನ್ ಮಾಡಿ "ಎಷ್ಟಕ್ಕೆ ಬರ್ತೀರಿ?" ಅಂದಾಗ ಅವರು ಇಲ್ಲಿಯವರೆಗೆ ಹೇಳುತ್ತಿದ್ದದ್ದು ಅಂದಾಜಿನ ಬಾಡಿಗೆ. ಬೇರೆ ಲಾರಿಯವರು ಹೇಳಿದ್ದಕ್ಕಿಂತ ಒಂಚೂರು ಕಡಿಮೆ, ಅಷ್ಟೆ. "ಕಿಲೋಮೀಟರ್‌ಗೆ ಇಷ್ಟು ಬೀಳುತ್ತೆ ಅಂತ ಒಂದು ನಂಬರ್ ಹೇಳು, ಉಳಿದದ್ದು ನಾನು ನೋಡ್ಕೋತೀನಿ" ಅಂದರು. ಅದಕ್ಕೇ ಈ ಶೀಟ್ ಶುರು ಮಾಡಿದ್ದು.

ಡೀಸೆಲ್ ದರ ಊರಿಂದ ಊರಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹಾಗಾಗಿ ಇಲ್ಲಿ ಒಂದು ಲೀಟರ್ ಡೀಸೆಲ್‌ಗೆ 100 ಎಂದು ಇಟ್ಟುಕೊಂಡು, ಉಳಿದ ಎಲ್ಲ ಖರ್ಚನ್ನೂ ಅದಕ್ಕೆ ಹೊಂದುವ ದುಂಡು ಅಂಕಿಗಳಲ್ಲಿ ಬರೆದಿದ್ದೇನೆ. ನಿಮ್ಮ ಅಂಕಿಗಳನ್ನು ಹಾಕಿಕೊಂಡರೆ ಆಯ್ತು.

ಓಡಿದರೆ ಮಾತ್ರ ಆಗುವ ಖರ್ಚು

ಮೊದಲು ಡೀಸೆಲ್. ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರೆದುಕೊಳ್ಳುವುದು, ಮುಂದಿನ ಸಲ ಮತ್ತೆ ಫುಲ್ ಮಾಡಿಸುವುದು. ನಡುವೆ ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರ್‌ನಿಂದ ಭಾಗಿಸಿದರೆ ಮೈಲೇಜ್. ಇದು ಎಲ್ಲರಿಗೂ ಗೊತ್ತು. ಆದರೆ ಹೀಗೆ ಸಿಗುವುದು ಲೋಡ್ ಮತ್ತು ಖಾಲಿ ಓಟ ಬೆರೆತ ಮೈಲೇಜ್. ಬಾಡಿಗೆ ಹೇಳಲು ಎರಡೂ ಬೇರೆ ಬೇರೆ ಬೇಕು. ಅದಕ್ಕೆ ಡ್ರೈವರ್‌ಗೆ ಒಂದೇ ಒಂದು ಕೆಲಸ ಹೆಚ್ಚಿಗೆ ಹೇಳಿದೆವು: ಲೋಡ್ ಹಾಕಿಕೊಂಡ ಮೇಲೊಮ್ಮೆ, ಇಳಿಸಿದ ಮೇಲೊಮ್ಮೆ ಹತ್ತಿರದ ಬಂಕ್‌ನಲ್ಲಿ ಫುಲ್ ಮಾಡಿಸಿ ಟ್ರಿಪ್ ಶೀಟ್‌ನಲ್ಲಿ ಬರೆಯಬೇಕು. ಲೋಡ್ ಇದ್ದಾಗ ಲೀಟರ್‌ಗೆ 4 ಕಿಲೋಮೀಟರ್, ಖಾಲಿ ಇದ್ದಾಗ 5 ಎಂದು ಬಂತು. ಅಂದರೆ ಲೋಡ್ ಕಿಲೋಮೀಟರ್‌ಗೆ 25, ಖಾಲಿಗೆ 20.

ಈ ಎರಡು ಅಂಕಿ ಸರಿಯಿದೆಯೋ ಇಲ್ಲವೋ ನೋಡಲು ಒಂದು ತಾಳೆ ಇದೆ. ತಿಂಗಳ ಲೋಡ್ ಕಿಲೋಮೀಟರನ್ನು 4ರಿಂದ, ಖಾಲಿ ಕಿಲೋಮೀಟರನ್ನು 5ರಿಂದ ಭಾಗಿಸಿ ಕೂಡಿಸಿ, ಬಂಕಿನ ಬಿಲ್‌ಗಳ ಒಟ್ಟು ಲೀಟರ್ ಜೊತೆ ಹೋಲಿಸಬೇಕು. ಸ್ವಲ್ಪ ಆಚೀಚೆ ಇದ್ದೇ ಇರುತ್ತದೆ. ಬಿಲ್ ಕಡೆ ಪ್ರತಿ ತಿಂಗಳೂ ಜಾಸ್ತಿ ಬರುತ್ತಿದ್ದರೆ ಎಂಜಿನ್ ಆನ್ ಇಟ್ಟು ಕಾಯುತ್ತಿರಬಹುದು, ಓವರ್‌ಲೋಡ್ ಇರಬಹುದು, ಇಲ್ಲವೇ ಡೀಸೆಲ್ ಬೇರೆ ಕಡೆ ಹೋಗುತ್ತಿರಬಹುದು.

ಟೈರ್ ಲೆಕ್ಕ ಸುಲಭ. ಹತ್ತು ಟೈರ್‌ಗೆ ಒಟ್ಟು 2,00,000. 80,000 ಕಿಲೋಮೀಟರ್ ಬಾಳಿಕೆ. ಕಿಲೋಮೀಟರ್‌ಗೆ 2.5. ಆಯಿಲ್, ಫಿಲ್ಟರ್, ಗ್ರೀಸ್ ಸೇರಿ ಪ್ರತಿ 20,000 ಕಿಲೋಮೀಟರ್‌ಗೆ 16,000, ಅಂದರೆ 0.8. ಬ್ರೇಕ್ ಲೈನರ್, ಕ್ಲಚ್ ಪ್ಲೇಟ್, ಕಮಾನು ಪಟ್ಟಿ ಇಂಥ ರಿಪೇರಿಗಳ ಬಿಲ್ ವರ್ಷಕ್ಕೆ 1,02,000. ವರ್ಷದ ಓಟ 60,000, ಹಾಗಾಗಿ 1.7. ಮೂರೂ ಸೇರಿ 5.

ಅಲ್ಲಿಗೆ ಲೋಡ್ ಕಿಲೋಮೀಟರ್‌ಗೆ 30, ಖಾಲಿ ಕಿಲೋಮೀಟರ್‌ಗೆ 25.

ನಿಂತಿದ್ದರೂ ಆಗುವ ಖರ್ಚು

ಇಲ್ಲಿ ಭಾವನ ಜೊತೆ ಸ್ವಲ್ಪ ಜಗಳವಾಯ್ತು. ಅವರು ಲೋನ್ ಕಂತನ್ನು ಪೂರ್ತಿ ಬರೆಸಿ, ಅದರ ಮೇಲೆ ಸವಕಳಿಯನ್ನೂ ಬರೆಸಿದರು. ಹಾಗೆ ಮಾಡಿದರೆ ಲಾರಿಯ ಬೆಲೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಕಂತಿನಲ್ಲಿ ಅಸಲು ಇದೆ, ಬಡ್ಡಿ ಇದೆ. ಅಸಲು ಅಂದರೆ ಲಾರಿಯ ಬೆಲೆಯೇ. ಅದು ಸವಕಳಿಯಲ್ಲಿ ಆಗಲೇ ಬಂದಾಗಿದೆ. ಖರ್ಚಿಗೆ ಸೇರಬೇಕಾದ್ದು ಬಡ್ಡಿ ಮಾತ್ರ. "ಮತ್ತೆ ಕಂತು ಯಾರು ಕಟ್ತಾರೆ?" ಅಂದರು. ಕಂತು ಕಟ್ಟಲು ಕೈಯಲ್ಲಿ ದುಡ್ಡು ಬೇಕು, ನಿಜ. ಆದರೆ ಅದು ತಿಂಗಳ ದುಡ್ಡಿನ ಓಡಾಟದ ಪ್ರಶ್ನೆ, ಬಾಡಿಗೆಯ ಪ್ರಶ್ನೆ ಅಲ್ಲ. ಅದಕ್ಕೆ ಬೇರೆ ಹಾಳೆ ಮಾಡಿಕೊಟ್ಟೆ, ಸುಮ್ಮನಾದರು.

ಸವಕಳಿ ಲೆಕ್ಕದಲ್ಲೂ ಒಂದು ಸೂಕ್ಷ್ಮ ಇದೆ. ಲಾರಿಗೆ ಕೊಟ್ಟದ್ದು 31,00,000. ಅದರಲ್ಲಿ ಟೈರ್‌ಗಳ 2,00,000 ಸೇರಿದೆ. ಟೈರ್ ಖರ್ಚನ್ನು ಕಿಲೋಮೀಟರ್‌ಗೆ ಈಗಾಗಲೇ ಹಾಕಿದ್ದೇವೆ, ಹಾಗಾಗಿ ಇಲ್ಲಿ ಕಳೆಯಬೇಕು. ಎಂಟು ವರ್ಷದ ನಂತರ ಮಾರಿದರೆ 9,00,000 ಬರುತ್ತದೆ ಎಂದು ಹಿಡಿದರೆ ಉಳಿಯುವುದು 20,00,000. ವರ್ಷಕ್ಕೆ 2,50,000.

ಬಡ್ಡಿ 1,50,000. ಇನ್ಶೂರೆನ್ಸ್, ಟ್ಯಾಕ್ಸ್, ಪರ್ಮಿಟ್ ಎಲ್ಲ ಸೇರಿ 1,20,000. ಡ್ರೈವರ್ ಸಂಬಳ 2,40,000. ಪಾರ್ಕಿಂಗ್, ಫೋನ್, ಲೆಕ್ಕ ಬರೆಯುವವರಿಗೆ ಅಂತ 80,000. ಒಟ್ಟು 8,40,000.

ಒಂದೇ ನಂಬರ್ ಯಾಕೆ ಸಾಲದು

ವರ್ಷದ 60,000 ಕಿಲೋಮೀಟರ್‌ನಲ್ಲಿ ಲೋಡ್ ಇದ್ದದ್ದು 40,000, ಖಾಲಿ ಓಡಿದ್ದು 20,000. ಡೀಸೆಲ್ 14,00,000, ಟೈರ್-ಆಯಿಲ್-ರಿಪೇರಿ 3,00,000, ನಿಂತ ಖರ್ಚು 8,40,000. ಒಟ್ಟು 25,40,000. ಓಡಿದ ಪ್ರತಿ ಕಿಲೋಮೀಟರ್‌ಗೆ ಸುಮಾರು 42.3. ಆದರೆ ದುಡ್ಡು ಕೊಡುವುದು ಲೋಡ್ ಕಿಲೋಮೀಟರ್ ಮಾತ್ರ. 40,000ದಿಂದ ಭಾಗಿಸಿದರೆ 63.5.

ಭಾವ ಕೇಳಿದ ಆ ಒಂದು ನಂಬರ್ ಇದೇ. ವರ್ಷದ ಲೆಕ್ಕಕ್ಕೆ ತಪ್ಪಿಲ್ಲ. ಆದರೆ ಒಂದೊಂದು ಟ್ರಿಪ್‌ಗೆ ಹಾಕಿ ನೋಡಿದರೆ ಕೈಕೊಡುತ್ತದೆ.

ಮೊದಲನೇ ಟ್ರಿಪ್: 100 ಕಿಲೋಮೀಟರ್ ಲೋಡ್, ಅಷ್ಟೇ ದೂರ ಖಾಲಿ ವಾಪಸ್. ದೂರ ಕಡಿಮೆ, ಆದರೆ ಗೇಟ್ ಪಾಸ್, ತೂಕ, ಇಳಿಸುವ ಸರದಿ ಅಂತ ಎರಡು ದಿನ ಹೋಗುತ್ತದೆ. 63.5ರ ಲೆಕ್ಕದಲ್ಲಿ ಇದಕ್ಕೆ 6,350 ಸಾಕು.

ಎರಡನೇ ಟ್ರಿಪ್: 900 ಕಿಲೋಮೀಟರ್ ಲೋಡ್, ಮುಂದಿನ ಲೋಡ್ ಸಿಗುವ ಜಾಗಕ್ಕೆ 100 ಕಿಲೋಮೀಟರ್ ಖಾಲಿ, ಒಟ್ಟು ನಾಲ್ಕು ದಿನ. ಅದೇ ಲೆಕ್ಕದಲ್ಲಿ 57,150.

ನಿಂತ ಖರ್ಚು ಕಿಲೋಮೀಟರ್ ನೋಡಿ ಆಗುವುದಲ್ಲ, ದಿನ ನೋಡಿ ಆಗುವುದು. ಹಾಗಾಗಿ ಅದನ್ನು ದಿನಕ್ಕೆ ಹಂಚಿದೆ. 365 ದಿನಕ್ಕಲ್ಲ. ವರ್ಕ್‌ಶಾಪ್, ಡ್ರೈವರ್ ರಜೆ, ಲೋಡ್ ಇಲ್ಲದ ದಿನ ಕಳೆದು ಕೆಲಸಕ್ಕೆ ಸಿಗುವುದು 280. ಆಗ ದಿನಕ್ಕೆ 3,000. ಶೀಟ್‌ನಲ್ಲಿ B2 ದಿನ, B3 ಲೋಡ್ ಕಿಲೋಮೀಟರ್, B4 ಖಾಲಿ ಕಿಲೋಮೀಟರ್. B5ರಲ್ಲಿ ಟೋಲ್, ಡ್ರೈವರ್ ಭತ್ಯೆ, ಹಮಾಲಿ ಥರ ಆ ಟ್ರಿಪ್‌ಗೆ ಮಾತ್ರ ಬರುವುದು.

```
=B2*3000+B3*30+B4*25+B5
```

B5 ಸದ್ಯಕ್ಕೆ ಸೊನ್ನೆ ಇಟ್ಟರೆ ಮೊದಲನೇ ಟ್ರಿಪ್ ಖರ್ಚು 6,000 + 3,000 + 2,500 = 11,500. ಎರಡನೆಯದು 12,000 + 27,000 + 2,500 = 41,500. ಒಂದೇ ನಂಬರ್ ಹಿಡಿದು ಕೂತರೆ ಹತ್ತಿರದ ಟ್ರಿಪ್‌ನಲ್ಲಿ 5,150 ಕೈಯಿಂದ ಹಾಕುತ್ತೀರಿ, ದೂರದ ಟ್ರಿಪ್‌ಗೆ 15,650 ಜಾಸ್ತಿ ಕೇಳಿ ಲೋಡ್ ಕಳೆದುಕೊಳ್ಳುತ್ತೀರಿ. ಇನ್ನೂ ಕೆಟ್ಟದ್ದೇನೆಂದರೆ, ಹೀಗೆ ಹೇಳುತ್ತಾ ಹೋದರೆ ನಿಮ್ಮ ಹತ್ತಿರ ಬರುವುದೆಲ್ಲ ನಷ್ಟದ ಹತ್ತಿರದ ಲೋಡ್‌ಗಳೇ. ಲಾರಿ ದಿನವೂ ಬಿಜಿ, ಗಲ್ಲಾ ಮಾತ್ರ ಖಾಲಿ. ಭಾವನ ಹಳೇ ಟ್ರಿಪ್ ಶೀಟ್‌ಗಳಲ್ಲಿ ಕಂಡದ್ದೂ ಇದೇ.

ಖರ್ಚಿನಿಂದ ಬಾಡಿಗೆಗೆ

ಬಾಡಿಗೆಯಲ್ಲಿ ನೂರಕ್ಕೆ 10 ಉಳಿಯಬೇಕು ಅಂದರೆ ಖರ್ಚನ್ನು 1.1ರಿಂದ ಗುಣಿಸುವುದಲ್ಲ, 0.9ರಿಂದ ಭಾಗಿಸಬೇಕು. 11,500ಕ್ಕೆ 12,778 ಬರುತ್ತದೆ.

ಪಾರ್ಟಿ ಟನ್ ರೇಟ್ ಕೇಳಿದರೆ 16ರಿಂದ ಭಾಗಿಸಿ ಸುಮಾರು 799. ಇಲ್ಲಿ ಹುಷಾರು. ಟನ್‌ಗೆ 799 ಅಂತ ಒಪ್ಪಿಕೊಂಡು, ಅವರು 12 ಟನ್ ಮಾತ್ರ ತುಂಬಿದರೆ ಸಿಗುವುದು 9,588. ಖರ್ಚಿಗೇ ಸಾಲದು. ಡೀಸೆಲ್ ಸ್ವಲ್ಪ ಉಳಿಯಬಹುದು, ಆದರೆ ದಿನ, ಖಾಲಿ ವಾಪಸ್ ಯಾವುದೂ ಕಡಿಮೆ ಆಗುವುದಿಲ್ಲ. ಹಾಗಾಗಿ ಟನ್ ರೇಟ್ ಜೊತೆ ಕನಿಷ್ಠ 16 ಟನ್‌ಗೆ ಬಾಡಿಗೆ ಅಂತ ಬರೆಸಿಕೊಳ್ಳಬೇಕು. ಹತ್ತಿ, ಫೋಮ್ ಥರದ ಜಾಗ ತಿನ್ನುವ ಮಾಲಿಗೆ ಟನ್ ರೇಟ್ ಮಾತೇ ಬೇಡ, ಟ್ರಿಪ್‌ಗೆ ಇಷ್ಟು ಅಂತ ಹೇಳಿಬಿಡುವುದು ಒಳ್ಳೆಯದು.

ವಾಪಸ್ ಲೋಡ್ ಬಗ್ಗೆ ಭಾವನಿಗೆ ಇದ್ದ ನಿಯಮ, "ಬಂದಷ್ಟು ಲಾಭ". ಪೂರ್ತಿ ಸರಿಯಲ್ಲ. ಲಾರಿ ಹೇಗೂ ವಾಪಸ್ ಬರಬೇಕು, ಖಾಲಿ ಬಂದರೂ ಕಿಲೋಮೀಟರ್‌ಗೆ 25 ಆಗುತ್ತದೆ. ಲೋಡ್ ಹಾಕಿಕೊಂಡರೆ 30. ಹೆಚ್ಚಿಗೆ ಆಗುವುದು 5 ಮಾತ್ರ, 100 ಕಿಲೋಮೀಟರ್‌ಗೆ 500. ಆದರೆ ಆ ಲೋಡ್‌ಗಾಗಿ ಒಂದು ದಿನ ಕಾದರೆ ಇನ್ನೂ 3,000. ಹಾಗಾಗಿ 3,500ಕ್ಕಿಂತ ಕಡಿಮೆ ಕೊಡುವ ವಾಪಸ್ ಲೋಡ್‌ಗೆ ಕಾಯುವುದಕ್ಕಿಂತ ಖಾಲಿ ಬರುವುದೇ ವಾಸಿ. ಮರುದಿನ ಬೇರೆ ಕೆಲಸವೇ ಇಲ್ಲದಿದ್ದರೆ ಲೆಕ್ಕ ಬೇರೆ. ಆಗ 500ರ ಮೇಲೆ ಬಂದದ್ದೆಲ್ಲ ಉಳಿತಾಯವೇ.

ಡೀಸೆಲ್ ಏರಿಳಿತಕ್ಕೆ ಶೇಕಡಾ ಲೆಕ್ಕ ಹಾಕಿಲ್ಲ. ಮೊದಲನೇ ಟ್ರಿಪ್‌ಗೆ ಹಿಡಿಯುವುದು 45 ಲೀಟರ್. ಲೀಟರ್‌ಗೆ 1 ಏರಿದರೆ ಬಾಡಿಗೆ 45 ಏರುತ್ತದೆ, ಇಳಿದರೆ ಅಷ್ಟೇ ಇಳಿಯುತ್ತದೆ. ತಿಂಗಳುಗಟ್ಟಲೆ ಒಪ್ಪಂದ ಮಾಡುವವರಿಗೆ ಹೀಗೆ ಲೀಟರ್ ಹೇಳಿದರೆ ಚೌಕಾಸಿ ಕಮ್ಮಿ.

ಈಗ ಎಲ್ಲಿದ್ದೇವೆ

ಹತ್ತಿರದ ಟ್ರಿಪ್‌ನ ಪಾರ್ಟಿಗೆ 12,778 ಹೇಳಿದಾಗ ಅವರು ಹೌಹಾರಿದರು. ಭಾವ ರೇಟ್ ಇಳಿಸಲಿಲ್ಲ. "ಬೆಳಿಗ್ಗೆ ಹಾಕಿ ಸಂಜೆಯೊಳಗೆ ಇಳಿಸಿಕೊಡಿ, 9,444ಕ್ಕೆ ಬರ್ತೀನಿ. ಇನ್ನೊಂದು ದಿನ ನಿಲ್ಲಿಸಿದರೆ ಹಾಲ್ಟಿಂಗ್ 3,333" ಅಂದರು. ಒಂದು ದಿನದ ಖರ್ಚು 8,500, ಅದನ್ನು 0.9ರಿಂದ ಭಾಗಿಸಿದ್ದು. ಗೋಡೌನ್‌ನಲ್ಲಿ ಇಳಿಸಿಕೊಳ್ಳುವವರ ಜೊತೆ ಮಾತಾಡಿ ಹೇಳ್ತೀವಿ ಅಂದಿದ್ದಾರೆ.

ಶೀಟ್‌ನಲ್ಲಿ ನನಗೆ ಇನ್ನೂ ಗಟ್ಟಿ ನಂಬಿಕೆ ಇಲ್ಲದ್ದು ಆ 280. ಅದು 240ಕ್ಕೆ ಇಳಿದರೆ ದಿನದ ಖರ್ಚು 3,500 ಆಗುತ್ತದೆ, ಹತ್ತಿರದ ಟ್ರಿಪ್‌ಗಳೆಲ್ಲ ಮತ್ತೆ ತುಟ್ಟಿ. ಅದಕ್ಕೆ ಟ್ರಿಪ್ ಶೀಟ್‌ಗೆ ಹೊಸದಾಗಿ ಎರಡು ಕಾಲಂ ಸೇರಿಸಿದ್ದೇವೆ: ಗೇಟ್‌ಗೆ ಬಂದ ಹೊತ್ತು, ಗೇಟ್ ಬಿಟ್ಟ ಹೊತ್ತು.