ಸುಬ್ಬಿಯ ನಿಧಾನ ಮಿಟುಕು: ಕುಕ್ಕರ್ ಕೆಡಿಸಿದ ಲೆಕ್ಕ

ನಾನು ನಿಧಾನವಾಗಿ ಕಣ್ಣು ಮಿಟುಕಿಸಿದರೆ ನಮ್ಮ ಬೆಕ್ಕು ಸುಬ್ಬಿಯೂ ಮಿಟುಕಿಸಿ ಉತ್ತರ ಕೊಡುತ್ತದೆಯೇ ಎಂದು ಮನೆಯಲ್ಲೇ ವಿಡಿಯೋ ಮಾಡಿ ನೋಡುತ್ತಿದ್ದೇನೆ. ಅದರಲ್ಲಿ ಲೈಟಿನ ರಗಳೆ ಮುಗಿಯಿತು, ಅದನ್ನು ಮೊದಲು ಹೇಳಿಬಿಡುತ್ತೇನೆ. ‘ಫ್ಲಿಕರ್ ಇಲ್ಲ’ ಎಂದು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ ಮಾರಿದ ಎಲ್‌ಇಡಿ ಪ್ಯಾನೆಲ್ಲು ವಿಡಿಯೋದಲ್ಲಿ ಪಟ್ಟೆ ಎಳೆಯುತ್ತಿತ್ತು. ಸುಬ್ಬಿ ಅಚ್ಚ ಬಿಳಿ ಬೆಕ್ಕು, ಫೋನಿನಲ್ಲಿ ಮಾತ್ರ ಹುಲಿಮರಿ. ಅಂಗಡಿಯವನನ್ನು ಕೇಳಿದರೆ "ಕ್ಯಾಮೆರಾ ಬದಲಾಯಿಸಿ ಸಾರ್" ಅಂದ. ನಮ್ಮ ಕರೆಂಟು 50 ಹರ್ಟ್ಸ್ ಆದ್ದರಿಂದ ಶಟರ್ 1/50ಕ್ಕೆ ಲಾಕ್ ಮಾಡಿದೆ, ಹುಲಿ ಮತ್ತೆ ಬೆಕ್ಕಾಯಿತು.

ಈಗ ತಲೆನೋವಿನ ವಿಷಯಕ್ಕೆ ಬರೋಣ. ನಾನು ಮನೆಯಲ್ಲಿ ನಕಲು ಮಾಡುತ್ತಿರುವುದು ತಾಸ್ಮಿನ್ ಹಂಫ್ರಿ, ಕರೆನ್ ಮೆಕಾಂಬ್ ಮತ್ತು ಜೊತೆಗಾರರು ಇಂಗ್ಲೆಂಡಿನಲ್ಲಿ ಮಾಡಿ 2020ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಅದರ ಮೊದಲ ಭಾಗದಲ್ಲಿ 21 ಬೆಕ್ಕುಗಳಿದ್ದವು. ಸಾಕಿದವರು ಒಂದು ಮೀಟರಿನಷ್ಟು ದೂರದಲ್ಲಿ ಕೂತು ನಿಧಾನವಾಗಿ ಕಣ್ಣು ಮುಚ್ಚಿ ತೆರೆದರು. ಯಾರೂ ಮಾತಿಗೆ ಬರದಿದ್ದ ಹೊತ್ತಿಗೆ ಹೋಲಿಸಿದರೆ ಆಗ ಬೆಕ್ಕುಗಳು ಹೆಚ್ಚು ಅರೆಮಿಟುಕು ಹಾಕಿದವು, ಕಣ್ಣು ಹೆಚ್ಚು ಕಿರಿದು ಮಾಡಿದವು. ಇಲ್ಲಿ ಜೀವಾಳ ಆ ಹೋಲಿಕೆ. ಬೆಕ್ಕು ಕಣ್ಣು ಕಿರಿದು ಮಾಡಿತು ಅಂದಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ. ಬಿಸಿಲಿಗೂ ಮಾಡುತ್ತದೆ, ನಿದ್ದೆಗೂ ಮಾಡುತ್ತದೆ. ನಿದ್ದೆಯನ್ನು ಹಿಡಿಯುವುದು ಅಷ್ಟು ಕಷ್ಟವಲ್ಲ: ತಲೆ ಜೋಲುತ್ತದೆ, ಮೂಗಿನ ಕಡೆಯ ಕಣ್ಣಂಚಿನಲ್ಲಿ ಮೂರನೇ ರೆಪ್ಪೆ ಬಿಳಿಯಾಗಿ ಇಣುಕುತ್ತದೆ, ಮುಚ್ಚಿದ ಕಣ್ಣು ಬೇಗ ತೆರೆಯುವುದಿಲ್ಲ.

ನನ್ನ ವಿಡಿಯೋವನ್ನು ನಾನೇ ಅಳೆದರೆ ಎಲ್ಲ ಮಿಟುಕೂ ಪ್ರೀತಿಯಾಗಿಯೇ ಕಾಣುತ್ತದೆ. ಹಾಗಾಗಿ ಎಡಗಡೆ ಕೂತ ನನ್ನನ್ನು ಕತ್ತರಿಸಿ, ಸದ್ದನ್ನೂ ತೆಗೆದು, ತಂಗಿಗೆ ಕೊಟ್ಟೆ:

```
ffmpeg -i in.mp4 -vf "crop=iw/2:ih:iw/2:0" -an bekku.mp4
```

ಅವಳು ವಿಎಲ್‌ಸಿಯಲ್ಲಿ `E` ಒತ್ತುತ್ತಾ ಒಂದೊಂದೇ ಫ್ರೇಮ್ ನೋಡಿ ಗುರುತು ಹಾಕಿದಳು. ಕೂಲಿ: ಗೋಬಿ ಮಂಚೂರಿ.

"ಅಣ್ಣಾ, ಇದರಲ್ಲಿ ಸುಬ್ಬಿ ಸಕತ್ ಉತ್ತರ ಕೊಟ್ಟಿದೆ ನೋಡು" ಎಂದು ಒಂದು ತುಣುಕು ತೋರಿಸಿದಳು. ಪೂರ್ತಿ ವಿಡಿಯೋ ತೆರೆದರೆ ಅದರಲ್ಲಿ ನಾನು ಕಣ್ಣು ಮಿಟುಕಿಸಿಯೇ ಇಲ್ಲ, ಸುಮ್ಮನೆ ಕಂಬದ ಹಾಗೆ ಕೂತಿದ್ದೇನೆ. ಸದ್ದು ಹಾಕಿದಾಗ ಗೊತ್ತಾಯಿತು: ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದೆ. ಸುಬ್ಬಿಗೆ ಕುಕ್ಕರ್ ಅಂದರೆ ಯಮ.

ತಲೆ ಕೆಟ್ಟು ಹಳೆಯ ಓದನ್ನು ಕೆದಕಿದೆ. ಬೆನೆಟ್, ಗೌರ್ಕೊ, ಮಿಲ್ಸ್ ಎಂಬವರು ಪ್ರಾಣಿಧಾಮದ ಬೆಕ್ಕುಗಳ ಮುಖಭಾವ ಗುರುತಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಿಟುಕು, ಅರೆಮಿಟುಕುಗಳು ಭಯದ ಜೊತೆ ಸೇರಿಕೊಂಡಿವೆ. ತಲೆ, ನೋಟ ಎಡಕ್ಕೆ ವಾಲುವುದೂ ಆ ಪಟ್ಟಿಯಲ್ಲಿದೆ. ಹಂಫ್ರಿಯವರೇ 2020ರಲ್ಲಿ ಪ್ರಾಣಿಧಾಮದ 18 ಬೆಕ್ಕುಗಳ ಮೇಲೆ ಇನ್ನೊಂದು ಪ್ರಯೋಗ ಮಾಡಿದ್ದರು. ಮನುಷ್ಯರ ಮಿಟುಕಿಗೆ ಕಣ್ಣು ಮುಚ್ಚಿ ಉತ್ತರಿಸಿದ ಬೆಕ್ಕುಗಳಿಗೆ ಬೇಗ ಮನೆ ಸಿಕ್ಕಿತು. ಆದರೆ ಮನುಷ್ಯರ ಎದುರು ಅಂಜುವ ಬೆಕ್ಕುಗಳೇ ನಿಧಾನ ಮಿಟುಕಿನಲ್ಲಿ ತುಸು ಹೆಚ್ಚು ಹೊತ್ತು ಕಳೆಯುವ ಒಲವೂ ಅಲ್ಲಿ ಕಂಡಿತ್ತು.

ಹಾಗಾದರೆ ಇದು ನಂಬಿಕೆಯೋ, "ನನ್ನ ತಂಟೆಗೆ ಬರಬೇಡ ಮಾರಾಯ" ಎಂಬ ಶರಣಾಗತಿಯೋ? ಎರಡಕ್ಕೂ ಬೇರು ಒಂದೇ ಎಂದು ನನ್ನ ಅನಿಸಿಕೆ. ಬೆಕ್ಕುಗಳ ನಡುವೆ ರೆಪ್ಪೆ ಬಡಿಯದೆ ದಿಟ್ಟಿಸುವುದು ಜಗಳಕ್ಕೆ ಕರೆ. ಕಣ್ಣು ಕಿರಿದು ಮಾಡುವುದು ಆ ದಿಟ್ಟಿಯನ್ನು ಮುರಿಯುತ್ತದೆ. ನೆಮ್ಮದಿಯ ಬೆಕ್ಕೂ ಮುರಿಯಬಹುದು, ಹೆದರಿದ್ದೂ ಮುರಿಯಬಹುದು. ಬರೀ ರೆಪ್ಪೆ ನೋಡಿ ಬೇರ್ಪಡಿಸುವುದು ನನ್ನಿಂದಾಗಿಲ್ಲ. ದೇಹ ನೋಡಿದರೆ ಆಗುತ್ತದೆ: ಕುಕ್ಕರ್ ತುಣುಕಿನಲ್ಲಿ ಕಿವಿ ಪಕ್ಕಕ್ಕೆ ತಿರುಗಿದೆ, ಮೈ ಕುಗ್ಗಿದೆ, ಮಿಟುಕುಗಳು ಬಿಡಿಬಿಡಿ. ನಾನು ಮಿಟುಕಿಸಿದ ತುಣುಕುಗಳಲ್ಲಿ ಕಿವಿ ಮುಂದಕ್ಕಿದೆ, ಅರೆಮಿಟುಕುಗಳು ಸಾಲಾಗಿ ಬಂದು ಕೊನೆಗೆ ಕಣ್ಣು ಸೀಳಿನಷ್ಟೇ ತೆರೆದು ಹಾಗೇ ನಿಲ್ಲುತ್ತದೆ.

(ನಡುವೆ ಒಂದು ಮಾತು: ಇದೇ ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ ಬಾಲ್ಕನಿಗೆ ಬರುವ ಪಿಕಳಾರಗಳನ್ನು ಹಿಡಿಯುವ ಯೋಜನೆ ಇದೆ. ಸುಬ್ಬಿಗೆ ತಿಳಿಸಿಲ್ಲ. ಕ್ಲ್ಯಾಂಪ್ ಕೊಟ್ಟವನು ತಪ್ಪು ಅಳತೆಯ ಸ್ಕ್ರೂ ಕಳಿಸಿದ್ದಾನೆ, ಅದು ಬರುವವರೆಗೆ ಪಿಕಳಾರಗಳಿಗೂ ರಜೆ.)

ರೆಪ್ಪೆಗಿಂತ ಗಟ್ಟಿ ಸಾಕ್ಷಿ ಆ ಇಂಗ್ಲೆಂಡಿನ ಪ್ರಯೋಗದ ಎರಡನೇ ಭಾಗದಲ್ಲಿದೆ. ಅಲ್ಲಿ 24 ಬೆಕ್ಕುಗಳ ಎದುರು ಪರಿಚಯವಿಲ್ಲದ ಸಂಶೋಧಕರು ಒಮ್ಮೆ ನಿಧಾನ ಮಿಟುಕು ಹಾಕಿ, ಇನ್ನೊಮ್ಮೆ ಮುಖದಲ್ಲಿ ಯಾವ ಭಾವವೂ ಇಲ್ಲದೆ ಕೂತು, ಕೈ ಚಾಚಿದರು. ಮಿಟುಕಿನ ನಂತರವೇ ಬೆಕ್ಕುಗಳು ಕೈ ಹತ್ತಿರ ಬರುವುದು ಹೆಚ್ಚಾಗಿತ್ತು. ಹೆದರಿ ಕಣ್ಣು ತಪ್ಪಿಸುವ ಬೆಕ್ಕು ಹತ್ತಿರ ಬರಬೇಕಿಲ್ಲ, ಅಲ್ಲವೇ? ನಾನು ಕೈ ಚಾಚಿದರೆ ಸುಬ್ಬಿ ಹೇಗೂ ಬರುತ್ತದೆ, ಕೈಯಲ್ಲಿ ಒಣಮೀನಿನ ವಾಸನೆ ಕಾಯಂ. ಅದಕ್ಕೇ ಮುಂದಿನ ಸುತ್ತಿಗೆ ಮೇಲಿನ ಮನೆಯ ಆಂಟಿಯನ್ನು ಒಪ್ಪಿಸಿದ್ದೇನೆ. ಅವರು ಅಪ್ಪಟ ಸಸ್ಯಾಹಾರಿ, ಸುಬ್ಬಿಗೆ ಅಪರಿಚಿತರು. ಶೂಟಿಂಗ್ ಮಧ್ಯಾಹ್ನ, ಎರಡೂ ಮನೆಯ ಕುಕ್ಕರ್ ಇಳಿದ ಮೇಲೆ.